ಕುರ್ಚಿ ಬಿಟ್ಟೇಳುವಾಗ ಹಿಡಿದುಕೊಳ್ಳುವ ಸೊಂಟಕ್ಕೆ ಸಂಜೆಯ ಹದಿನೈದು ನಿಮಿಷ

ಕನ್ನಡದಲ್ಲಿ ‘ಸೊಂಟ ಹಿಡಿದಿದೆ’ ಅಂದರೆ ಅದು ಎರಡು ಬೇರೆ ಬೇರೆ ಜಾಗ ಆಗಿರಬಹುದು. ಒಂದು, ಬೆಲ್ಟು ಹಿಂದುಗಡೆ ಕೂರುವ ಕೆಳಬೆನ್ನು. ಇನ್ನೊಂದು, ತೊಡೆ ಮೈಗೆ ಸೇರುವ ಕಡೆ ಇರುವ ಸೊಂಟದ ಕೀಲು. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಸಂಜೆ ಏಳುವಾಗ ಮೊದಲ ನಾಲ್ಕು ಹೆಜ್ಜೆ ಮುಂದಕ್ಕೆ ಬಾಗಿಕೊಂಡೇ ಇಡಬೇಕಾಗುತ್ತದಲ್ಲ, ಆಗ ಕೈ ಹೋಗುವುದು ಕೆಳಬೆನ್ನಿಗೆ. ಆದರೆ ನೆಟ್ಟಗಾಗಲು ಬಿಡದೆ ಹಿಡಿದಿರುವುದು ಹಲವರಲ್ಲಿ ಕೀಲಿನ ಮುಂಭಾಗ. ಈ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದಲೋ ಏನೋ, ನೋವು ಕಂಡ ಜಾಗವನ್ನೇ ಎಳೆಯುವುದು ಎಲ್ಲರ ಅಭ್ಯಾಸ. ನಿಂತಲ್ಲೇ ಬಗ್ಗಿ ಕಾಲ್ಬೆರಳು ಮುಟ್ಟುತ್ತಾರೆ, ಇಲ್ಲವೇ ಕುರ್ಚಿಯಲ್ಲೇ ತಿರುಚಿ ಲಟಿಕೆ ಮುರಿಯುತ್ತಾರೆ. ಎರಡು ನಿಮಿಷ ಹಾಯೆನಿಸುತ್ತದೆ, ಆಮೇಲೆ ಮತ್ತೆ ಅದೇ ಕಥೆ.

ಇಲ್ಲಿ ಹೇಳಿರುವ ಕ್ರಮ ಇದಕ್ಕೆ ತಿರುವುಮುರುವು. ಕೆಳಬೆನ್ನನ್ನು ಅಲುಗದಂತೆ ಇಟ್ಟುಕೊಂಡು ಸೊಂಟದ ಕೀಲನ್ನು ಹಿಗ್ಗಿಸುವುದು ಇದರ ಮುಖ್ಯ ಕೆಲಸ. ಬೆನ್ನಿನ ಸರದಿ ಕೊನೆಯಲ್ಲಿ ಬರುತ್ತದೆ, ಅದೂ ಮುಂದಕ್ಕೆ ಬಗ್ಗಿಸಿ ಅಲ್ಲ.

ಒಳಗೆ ಏನಾಗಿರುತ್ತದೆ

ಕೆಳಬೆನ್ನಿನ ಕಶೇರುಗಳ ಎರಡೂ ಬದಿಯಿಂದ ಸೋಯಸ್ ಎಂಬ ಸ್ನಾಯು ಹೊರಟು, ಹೊಟ್ಟೆಯ ಒಳಭಾಗದಲ್ಲಿ ಇಳಿದು, ತೊಡೆಮೂಳೆಯ ಮೇಲ್ತುದಿಯ ಒಳಬದಿಗೆ ಅಂಟಿಕೊಳ್ಳುತ್ತದೆ. ತೊಡೆಯನ್ನು ಹೊಟ್ಟೆಯ ಕಡೆಗೆ ಎತ್ತುವುದು ಇದರ ಕೆಲಸ. ಇದಕ್ಕೆ ಜೊತೆಯಾಗಿ ತೊಡೆಯ ಮುಂಭಾಗದ ನಡುವಿನ ಸ್ನಾಯು ಸೊಂಟದ ಕೀಲು ಮತ್ತು ಮಂಡಿ ಎರಡನ್ನೂ ದಾಟಿ ಹೋಗುತ್ತದೆ. ಕೂತಾಗ ಸೊಂಟದ ಕೀಲು ಸುಮಾರು 90 ಡಿಗ್ರಿ ಮಡಚಿರುತ್ತದೆ, ಅಂದರೆ ಆ ಕೀಲಿನ ಕಡೆ ಇವೆರಡೂ ಸಡಿಲವಾಗಿ, ಕುಗ್ಗಿದ ಸ್ಥಿತಿಯಲ್ಲಿ ಗಂಟೆಗಟ್ಟಲೆ ಇರುತ್ತವೆ. ಎದ್ದು ನಿಂತಾಗ ಅಲ್ಲಿ ಇವು ಒಮ್ಮೆಗೇ ಉದ್ದವಾಗಬೇಕು. ಆಗದಿದ್ದರೆ ಸೋಯಸ್ ತಾನು ಅಂಟಿಕೊಂಡಿರುವ ಕೆಳಬೆನ್ನನ್ನೇ ಮುಂದಕ್ಕೆ ಜಗ್ಗುತ್ತದೆ. ನೆಟ್ಟಗೆ ನಿಲ್ಲಲು ಬೆನ್ನಿನ ಸ್ನಾಯುಗಳು ಹೆಚ್ಚು ದುಡಿಯಬೇಕಾಗುತ್ತದೆ.

ಮನೆಗೆ ಬಂದ ಮೇಲೂ ಇದಕ್ಕೆ ಬಿಡುವಿಲ್ಲ. ಬೈಕಿನ ಮೇಲೆ, ಬಸ್ಸಿನ ಸೀಟಿನಲ್ಲಿ, ಸೋಫಾದಲ್ಲಿ, ಊಟಕ್ಕೆ ಕೂತಾಗ, ಮಗ್ಗುಲಾಗಿ ಮಂಡಿ ಮಡಚಿ ಮಲಗಿದಾಗ ಎಲ್ಲ ಕಡೆಯೂ ಕೀಲು ಮಡಚಿಯೇ ಇರುತ್ತದೆ. ‘ನಾವು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವವರು, ನಮಗೆ ಈ ಬಿಗಿತ ಬರುವುದಿಲ್ಲ’ ಎನ್ನುವವರಿದ್ದಾರೆ. ಅರ್ಧ ಮಾತ್ರ ನಿಜ. ಚಕ್ಕಳಮಕ್ಕಳ ಕೂತಾಗ ತೊಡೆ ಹೊರಕ್ಕೆ ತಿರುಗುವುದರಿಂದ ಆ ಕಡೆಯ ಚಲನೆ ಉಳಿಯುತ್ತದೆ. ತೊಡೆ ದೇಹದ ಹಿಂದಕ್ಕೆ ಹೋಗುವ ಚಲನೆ ಮಾತ್ರ ಅಲ್ಲೂ ಸಿಗುವುದಿಲ್ಲ.

ಕೆಳಬೆನ್ನಿಗೆ ಬೇರೆಯದೇ ಸಮಸ್ಯೆ ಇದೆ. ಮಧ್ಯಾಹ್ನದ ಮೇಲೆ ಬೆನ್ನು ಗೂನಾಗಿ ಕುರ್ಚಿಯಲ್ಲಿ ಜಾರಿ ಕೂತಿರುತ್ತೇವೆ. ಹಾಗೆ ಬಹಳ ಹೊತ್ತು ಬಾಗಿದ್ದರೆ ಬೆನ್ನುಮೂಳೆಯ ಹಿಂಬದಿಯ ಅಸ್ಥಿಬಂಧಗಳು ನಿಧಾನವಾಗಿ ಸಡಿಲಗೊಳ್ಳುತ್ತವೆ. 1992ರಲ್ಲಿ ಮೆಕ್‌ಗಿಲ್ ಮತ್ತು ಬ್ರೌನ್ ಎಂಬ ಸಂಶೋಧಕರು ಇದನ್ನು ಅಳೆದಿದ್ದರು. ಪೂರ್ತಿ ಬಾಗಿ 20 ನಿಮಿಷ ಕೂತವರ ಬೆನ್ನು ಎದ್ದ 2 ನಿಮಿಷದಲ್ಲಿ ಅರ್ಧದಷ್ಟು ಮೊದಲಿನ ಸ್ಥಿತಿಗೆ ಬಂದಿತ್ತು. ಅರ್ಧ ಗಂಟೆ ಕಳೆದರೂ ಸ್ವಲ್ಪ ಸಡಿಲ ಉಳಿದೇ ಇತ್ತು. ಆದ್ದರಿಂದ ದಿನವೆಲ್ಲ ಬಾಗಿದ್ದ ಬೆನ್ನನ್ನು ಸಂಜೆ ಮತ್ತಷ್ಟು ಬಾಗಿಸುವುದರಲ್ಲಿ ಅರ್ಥವಿಲ್ಲ. ಮನೆಗೆ ಬಂದ ತಕ್ಷಣ ನೀರಿನ ಕ್ಯಾನ್ ಅಥವಾ ಗ್ಯಾಸ್ ಸಿಲಿಂಡರ್ ಎತ್ತಲು ಹೋಗಬೇಡಿ ಎನ್ನುವುದಕ್ಕೂ ಇದೇ ಕಾರಣ.

ಮೊದಲು ಪರೀಕ್ಷೆ: ಬಿಗಿ ಇರುವುದು ಎಲ್ಲಿ?

ಫಿಸಿಯೋಥೆರಪಿಯಲ್ಲಿ ಥಾಮಸ್ ಪರೀಕ್ಷೆ ಎಂದು ಕರೆಯುವ ಇದನ್ನು ಮನೆಯಲ್ಲೂ ಮಾಡಿಕೊಳ್ಳಬಹುದು. ಗಟ್ಟಿಯಾದ ಊಟದ ಮೇಜು ಇದ್ದರೆ ಒಳ್ಳೆಯದು. ಮಂಚ ಆಗುತ್ತದೆ, ಆದರೆ ಅದು ತಗ್ಗಾಗಿದ್ದರೆ ಇಳಿಬಿಟ್ಟ ಕಾಲು ನೆಲಕ್ಕೆ ತಾಗಿ ಫಲಿತಾಂಶ ಕೆಡುತ್ತದೆ. ಕುಳಿ ಬೀಳುವ ಫೋಮ್ ಹಾಸಿಗೆಯೂ ಬೇಡ.

ಅಂಚಿನಲ್ಲಿ ಕೂತು, ಎರಡೂ ಮಂಡಿಗಳನ್ನು ಎದೆಗೆ ಹಿಡಿದುಕೊಂಡು ನಿಧಾನವಾಗಿ ಹಿಂದಕ್ಕೆ ಮಲಗಿ. ಪೃಷ್ಠ ಅಂಚಿಗೆ ಸರಿಯಾಗಿ ಇರಲಿ. ಎಡ ಮಂಡಿಯನ್ನು ಹಿಡಿದೇ ಇಟ್ಟು ಬಲಗಾಲನ್ನು ಸಡಿಲವಾಗಿ ಕೆಳಕ್ಕೆ ಇಳಿಬಿಡಿ. ಕೆಳಬೆನ್ನು ಮೇಜಿಗೆ ಒತ್ತಿಕೊಂಡಿರಬೇಕು, ಬೆರಳು ತೂರುವಷ್ಟು ಸಂದು ಇರಬಾರದು. ಮಂಡಿಯನ್ನು ಕಡಿಮೆ ಎಳೆದರೆ ಬೆನ್ನು ಕಮಾನಾಗಿ ಎದ್ದು, ಬಿಗಿ ಇದ್ದರೂ ಇಲ್ಲದಂತೆ ಕಾಣುತ್ತದೆ. ಅತಿಯಾಗಿ ಎಳೆದರೆ ಪೃಷ್ಠವೇ ಮೇಲೆದ್ದು, ಇಲ್ಲದ ಬಿಗಿ ಇರುವಂತೆ ತೋರುತ್ತದೆ. ಬೆನ್ನು ಈಗಷ್ಟೇ ತಾಗಿತು ಎನ್ನುವಲ್ಲಿ ನಿಲ್ಲಿಸಿ.

ಈಗ ಇಳಿಬಿಟ್ಟ ಕಾಲನ್ನು ಪಕ್ಕದಲ್ಲಿ ನಿಂತು ಯಾರಾದರೂ ನೋಡಲಿ, ಇಲ್ಲವೇ ಮೊಬೈಲನ್ನು ಪಕ್ಕಕ್ಕೆ ನಿಲ್ಲಿಸಿ ಫೋಟೋ ತೆಗೆಯಿರಿ. ತೊಡೆ ಮೇಜಿಗೆ ತಾಗಿ ಮಂಡಿ ತಾನಾಗಿಯೇ ಹೆಚ್ಚುಕಡಿಮೆ 90 ಡಿಗ್ರಿ ಮಡಚಿದ್ದರೆ ಕೀಲಿನ ಮುಂಭಾಗ ಚೆನ್ನಾಗಿದೆ. ತೊಡೆ ಮೇಜಿನಿಂದ ಮೇಲೆಯೇ ನಿಂತರೆ ಸೊಂಟದ ಕೀಲಿನ ಒಳಸ್ನಾಯು, ಮುಖ್ಯವಾಗಿ ಸೋಯಸ್, ಬಿಗಿ. ತೊಡೆ ತಾಗಿದೆ ಆದರೆ ಮಂಡಿ ಮಡಚದೆ ಕಾಲು ಮುಂದಕ್ಕೆ ಚಾಚಿದೆ ಅಂದರೆ ತೊಡೆಯ ಮುಂಭಾಗದ ಸ್ನಾಯು ಬಿಗಿ. ಎರಡೂ ಒಟ್ಟಿಗೆ ಇರುವುದೂ ಸಾಮಾನ್ಯ. ಇನ್ನೊಂದು ಕಾಲಿಗೂ ಹೀಗೇ ಮಾಡಿ. ತೊಡೆ ಎಷ್ಟು ಬೆರಳು ಮೇಲಿತ್ತು ಎಂದು ಬರೆದಿಡಿ. ವಾರಕ್ಕೊಮ್ಮೆ, ಅದೇ ಹೊತ್ತಿಗೆ ಮತ್ತೆ ನೋಡಿದರೆ ಸಾಕು. ದಿನಾ ಅಳೆದರೆ ಗೊಂದಲವೇ ಹೆಚ್ಚು.

ಮಾಡಬಾರದವರು

ನೋವು ಮಂಡಿಗಿಂತ ಕೆಳಗೆ ಇಳಿಯುತ್ತಿದ್ದರೆ, ಪಾದ ಎತ್ತಲು ಬಲ ಸಾಲದಿದ್ದರೆ, ಜ್ವರವೋ ಕಾರಣವಿಲ್ಲದ ತೂಕ ಇಳಿಕೆಯೋ ಜೊತೆಗಿದ್ದರೆ, ರಾತ್ರಿ ಯಾವ ಮಗ್ಗುಲಿಗೂ ನಿಲ್ಲದ ನೋವಿದ್ದರೆ, ಬಿದ್ದು ಪೆಟ್ಟಾದ ಮೇಲೆ ಶುರುವಾಗಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ತೊಡೆಗಳ ಒಳಬದಿ ಮತ್ತು ಗುದದ ಸುತ್ತ ಸ್ಪರ್ಶ ತಿಳಿಯದಂತಾದರೆ, ಅಥವಾ ಮೂತ್ರ, ಮಲದ ಹಿಡಿತ ತಪ್ಪಿದರೆ ಬೆಳಗಾಗುವವರೆಗೆ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಬೇಕು. ಸೊಂಟದ ಕೀಲು ಬದಲಿ ಶಸ್ತ್ರಚಿಕಿತ್ಸೆ ಆದವರು, ಮೂಳೆ ಸವೆತ ಇರುವವರು, ಗರ್ಭಿಣಿಯರು ಇದನ್ನು ಹೀಗೇ ಅನುಸರಿಸದೆ ತಮ್ಮ ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕೇಳಿ ಬದಲಿಸಿಕೊಳ್ಳಲಿ.

ಬೇಕಾದ ವಸ್ತು, ಸರಿಯಾದ ಹೊತ್ತು

ಯೋಗದ ಮ್ಯಾಟ್ ಇಲ್ಲದಿದ್ದರೆ ಜಮಖಾನವನ್ನು ಎರಡು ಮಡಿಕೆ ಮಾಡಿ ಹಾಸಿ. ಮಂಡಿಯ ಕೆಳಗಿಡಲು ಮಡಚಿದ ಕಂಬಳಿ ಅಥವಾ ತೆಳು ದಿಂಬು, ಕಾಲಿಗೆ ಸುತ್ತಲು ಒಂದು ಉದ್ದದ ಟವೆಲ್ ಅಥವಾ ದುಪಟ್ಟಾ, ಮತ್ತು ಹಿಡಿದುಕೊಳ್ಳಲು ಚಕ್ರವಿಲ್ಲದ ಒಂದು ಕುರ್ಚಿ ಬೇಕು. ಬಿಗಿ ಜೀನ್ಸ್ ತೆಗೆದು ಲುಂಗಿಯೋ ಪೈಜಾಮವೋ ಹಾಕಿಕೊಳ್ಳಿ. ಜೀನ್ಸಿನಲ್ಲಿ ಸ್ನಾಯುವಿಗಿಂತ ಮೊದಲು ಬಟ್ಟೆಯೇ ತಡೆಯುತ್ತದೆ.

ಮನೆಗೆ ಬಂದು ರಾತ್ರಿ ಊಟಕ್ಕೆ ಮುಂಚಿನ ಹೊತ್ತು ಅನುಕೂಲ, ಯಾಕೆಂದರೆ ಕೊನೆಯಲ್ಲಿ ಹೊಟ್ಟೆಯ ಮೇಲೆ ಮಲಗಬೇಕು. ನೆಲಕ್ಕೆ ಇಳಿಯುವ ಮುಂಚೆ 5 ನಿಮಿಷ ಮನೆಯೊಳಗೋ ತಾರಸಿಯ ಮೇಲೋ ನಡೆದಾಡಿ. ತಣ್ಣಗೆ, ಮರಗಟ್ಟಿದ ಕಾಲನ್ನು ನೇರವಾಗಿ ಎಳೆದರೆ ಹಿತವಾಗಿರುವುದಿಲ್ಲ, ಜೊತೆಗೆ ಆ ಹೊತ್ತಿನಲ್ಲಿ ಬೆನ್ನೂ ಸ್ವಲ್ಪ ತನ್ನ ಸ್ಥಿತಿಗೆ ಬರುತ್ತದೆ.

ಎಷ್ಟು ಹೊತ್ತು ಹಿಡಿಯಬೇಕು ಎನ್ನುವುದಕ್ಕೆ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಕೊಡುವ ಅಳತೆ ಸರಳವಾಗಿದೆ. ಒಂದು ಸಲಕ್ಕೆ 10ರಿಂದ 30 ಸೆಕೆಂಡು, ಒಂದು ಸ್ನಾಯುವಿಗೆ ಒಟ್ಟು 60 ಸೆಕೆಂಡು. ಇಲ್ಲಿ ಪ್ರತಿ ಬದಿಗೆ 30 ಸೆಕೆಂಡಿನಂತೆ ಎರಡು ಸಲ ಎಂದು ಇಟ್ಟುಕೊಂಡಿದ್ದೇವೆ. ಎಳೆತದ ತೀವ್ರತೆ ಹತ್ತರಲ್ಲಿ ನಾಲ್ಕೈದು ಇರಲಿ. ಮುಖ ಕಿವುಚುವಂತಾದರೆ ಅಥವಾ ಉಸಿರು ಬಿಗಿಹಿಡಿಯಬೇಕಾಗಿ ಬಂದರೆ ಅದು ಹೆಚ್ಚಾಯಿತು. ಹಾಗೆ ಎಳೆದಾಗ ಸ್ನಾಯು ತನ್ನನ್ನು ಕಾಪಾಡಿಕೊಳ್ಳಲು ಮತ್ತಷ್ಟು ಬಿಗಿಯಾಗುತ್ತದೆ.

ಹೆಜ್ಜೆ 1: ಬಟ್ಟಲನ್ನು ವಾಲಿಸುವುದು

ಎರಡು ಸೊಂಟದ ಮೂಳೆಗಳು ಹಿಂದೆ ಬೆನ್ನುಮೂಳೆಯ ಬುಡದೊಂದಿಗೆ ಸೇರಿ ಒಂದು ಬಟ್ಟಲಿನ ಆಕಾರ ಮಾಡುತ್ತವೆ. ಆ ಬಟ್ಟಲಿನ ತುಂಬ ನೀರಿದೆ ಎಂದುಕೊಳ್ಳಿ. ಕೆಳಬೆನ್ನು ಕಮಾನಾದಾಗ ನೀರು ಮುಂದಕ್ಕೆ, ಹೊಟ್ಟೆಯ ಕಡೆ ಚೆಲ್ಲುತ್ತದೆ. ಕೆಳಬೆನ್ನು ಚಪ್ಪಟೆಯಾದಾಗ ಹಿಂದಕ್ಕೆ ಚೆಲ್ಲುತ್ತದೆ. ಮುಂದಿನ ಹೆಜ್ಜೆ ಪೂರ್ತಿ ನಿಂತಿರುವುದು ಈ ಹಿಂದಕ್ಕೆ ಚೆಲ್ಲುವ ಚಲನೆಯ ಮೇಲೆ. ಆದ್ದರಿಂದ ಇದನ್ನು ಮೊದಲು ಮಲಗಿಕೊಂಡು ಕಲಿಯಬೇಕು.

ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ, ಪಾದಗಳನ್ನು ಸೊಂಟದಷ್ಟು ಅಗಲದಲ್ಲಿ ನೆಲಕ್ಕಿಡಿ. ಒಂದು ನಿಮಿಷ ಸುಮ್ಮನೆ ಉಸಿರಾಡಿ. ಆಮೇಲೆ ಉಸಿರು ಬಿಡುತ್ತಾ ಹೊಕ್ಕುಳನ್ನು ಒಳಕ್ಕೆ ಎಳೆದು ಕೆಳಬೆನ್ನನ್ನು ನೆಲಕ್ಕೆ ಮೆತ್ತಗೆ ಒತ್ತಿ, ಮೂರು ಎಣಿಸಿ, ಬಿಡಿ. ಬಿಟ್ಟಾಗ ಬೆನ್ನು ತಾನಾಗಿಯೇ ಸ್ವಲ್ಪ ಏಳುತ್ತದೆ. ಹೀಗೆ 10 ಸಲ. ಪೃಷ್ಠ ನೆಲ ಬಿಟ್ಟು ಏಳಬಾರದು. ಎದ್ದರೆ ನೀವು ಬಟ್ಟಲು ವಾಲಿಸುತ್ತಿಲ್ಲ, ಕಾಲಿನಿಂದ ತಳ್ಳುತ್ತಿದ್ದೀರಿ. ಒಂದು ಅಂಗೈಯನ್ನು ಕೆಳಬೆನ್ನಿನ ಕೆಳಗೆ ತೂರಿಸಿಟ್ಟರೆ ಒತ್ತಡ ಹೆಚ್ಚಾಗುವುದೂ ಕಡಿಮೆಯಾಗುವುದೂ ಚೆನ್ನಾಗಿ ತಿಳಿಯುತ್ತದೆ.

ಹೆಜ್ಜೆ 2: ಒಂದು ಮಂಡಿ ಊರಿ, ಕೀಲಿನ ಮುಂಭಾಗ

ಇಡೀ ಕ್ರಮದಲ್ಲಿ ಮುಖ್ಯವಾದದ್ದು ಇದು, ಹೆಚ್ಚು ತಪ್ಪಾಗುವುದೂ ಇದೇ. ಸೂರ್ಯನಮಸ್ಕಾರ ಗೊತ್ತಿದ್ದವರಿಗೆ ಒಂದು ಕಾಲನ್ನು ಹಿಂದಕ್ಕೆ ಚಾಚಿ ಮಂಡಿಯೂರುವ ಅಶ್ವ ಸಂಚಲನಾಸನ ನೆನಪಾದೀತು. ಆಕಾರ ಹತ್ತಿರ, ಉದ್ದೇಶ ಬೇರೆ. ಅಲ್ಲಿ ಎದೆ ಎತ್ತಿ ಬೆನ್ನನ್ನು ಬಾಗಿಸುತ್ತೇವೆ, ಕೆಲವು ಸೆಕೆಂಡಿನಲ್ಲಿ ಮುಂದಿನ ಆಸನಕ್ಕೆ ಹೋಗುತ್ತೇವೆ. ಇಲ್ಲಿ ಬೆನ್ನು ಬಾಗಬಾರದು, ಅವಸರವೂ ಇಲ್ಲ.

ಬಲ ಮಂಡಿಯನ್ನು ಮಡಚಿದ ಕಂಬಳಿಯ ಮೇಲೆ ಊರಿ. ಎಡ ಪಾದವನ್ನು ಮುಂದಿಟ್ಟು ಎಡ ಮಂಡಿ 90 ಡಿಗ್ರಿ ಬರುವಂತೆ ನೋಡಿಕೊಳ್ಳಿ. ಬಲ ತೊಡೆ ನೆಲಕ್ಕೆ ನೆಟ್ಟಗೆ, ಕಂಬದ ಹಾಗೆ ನಿಂತಿರಲಿ. ಎಡಗೈಯಲ್ಲಿ ಕುರ್ಚಿ ಹಿಡಿದುಕೊಳ್ಳಿ. ಈಗ ಎಲ್ಲಿಗೂ ಮುಂದೆ ಹೋಗದೆ, ಹಿಂದಿನ ಹೆಜ್ಜೆಯಲ್ಲಿ ಕಲಿತಂತೆ ಬಟ್ಟಲಿನ ನೀರನ್ನು ಹಿಂದಕ್ಕೆ ಚೆಲ್ಲಿ. ಬಲ ಪೃಷ್ಠವನ್ನು ಬಿಗಿ ಮಾಡಿ. ಅನೇಕರಿಗೆ ಇಷ್ಟರಲ್ಲೇ ಬಲ ತೊಡೆಸಂದಿನಿಂದ ತೊಡೆಯ ಮುಂಭಾಗದವರೆಗೆ ಎಳೆತ ತಿಳಿಯುತ್ತದೆ. ತಿಳಿದರೆ ಅಲ್ಲೇ ನಿಲ್ಲಿ. ತಿಳಿಯದಿದ್ದರೆ, ಬಟ್ಟಲಿನ ವಾಲು ಬಿಡದೆ ಇಡೀ ದೇಹವನ್ನು ಎರಡು ಮೂರು ಅಂಗುಲ ಮಾತ್ರ ಮುಂದಕ್ಕೆ ಸರಿಸಿ. 30 ಸೆಕೆಂಡು ಉಸಿರಾಡುತ್ತಾ ಇದ್ದು, ಹಿಂದಕ್ಕೆ ಬಂದು, ಇನ್ನೊಂದು ಸಲ. ಆಮೇಲೆ ಕಾಲು ಬದಲಿಸಿ.

ಇನ್ನೂ ಒಂಚೂರು ಬೇಕೆನಿಸಿದರೆ ಬಲಗೈಯನ್ನು ತಲೆಯ ಮೇಲೆ ಎತ್ತಿ ಎಡಕ್ಕೆ ಸ್ವಲ್ಪ ವಾಲಿ. ಸೋಯಸ್ ಕೆಳಬೆನ್ನಿನ ಬದಿಯಿಂದ ಹೊರಡುವುದರಿಂದ ಇದು ಆ ಮೇಲ್ತುದಿಯನ್ನೂ ತಲುಪುತ್ತದೆ. ಪರೀಕ್ಷೆಯಲ್ಲಿ ಮಂಡಿ ಮಡಚದೆ ಕಾಲು ಚಾಚಿದ್ದವರು ಎರಡನೆಯ ಸಲ ಹಿಂಗಾಲಿನ ಪಾದವನ್ನು ಸೋಫಾದ ಅಂಚಿಗೆ ಏರಿಸಿಟ್ಟುಕೊಳ್ಳಲಿ. ಆಗ ತೊಡೆಯ ಮುಂಭಾಗದ ಸ್ನಾಯು ಎರಡೂ ತುದಿಯಿಂದ ಎಳೆಯಲ್ಪಡುತ್ತದೆ. ಇದು ಜೋರಾಗಿರುತ್ತದೆ, ಮೊದಲ ವಾರ ಬೇಡ.

ತಪ್ಪಾಗುತ್ತಿದೆ ಎಂದು ತಿಳಿಯುವುದು ಹೇಗೆ? ಎಳೆತ ತೊಡೆಯ ಮುಂದೆ ಇಲ್ಲದೆ ಕೆಳಬೆನ್ನಿನಲ್ಲಿ ಹಿಸುಕಿದಂತೆ ಆದರೆ ಬಟ್ಟಲು ಮುಂದಕ್ಕೆ ವಾಲಿದೆ. ದೇಹ ಎಷ್ಟು ಮುಂದೆ ಹೋಯಿತೋ ಅಷ್ಟು ಒಳ್ಳೆಯದು ಎಂದುಕೊಂಡು ನುಗ್ಗುವವರಲ್ಲಿ ಹೀಗಾಗುತ್ತದೆ. ನೋಡಲು ಕಾಲು ಬಹಳ ಹಿಂದಕ್ಕೆ ಹೋದಂತಿರುತ್ತದೆ, ನಿಜದಲ್ಲಿ ಕೀಲು ಅಲುಗಿಯೇ ಇರುವುದಿಲ್ಲ, ಬೆನ್ನು ಕಮಾನಾಗಿ ಆ ದೂರವನ್ನು ತುಂಬಿಸಿರುತ್ತದೆ. ಪಕ್ಕದಿಂದ ಒಂದು ಫೋಟೋ ತೆಗೆದರೆ ಸಾಕು. ಅಂಗಿಯ ಕೆಳಗೆ ಬೆನ್ನು ಬಳುಕಿದ್ದು ಕಾಣುತ್ತದೆ. ಮಂಡಿಚಿಪ್ಪು ನೋಯುತ್ತಿದ್ದರೆ ಮಂಡಿಚಿಪ್ಪಿನ ಮೇಲೇ ಭಾರ ಬಿದ್ದಿದೆ ಎಂದರ್ಥ. ಕಂಬಳಿ ದಪ್ಪ ಮಾಡಿ, ಭಾರ ಚಿಪ್ಪಿಗಿಂತ ಸ್ವಲ್ಪ ಕೆಳಗೆ ಬೀಳುವಂತೆ ಸರಿಸಿಕೊಳ್ಳಿ. ಅದೂ ಆಗದವರು ಮಂಚದ ಅಂಚಿನಲ್ಲಿ ಪರೀಕ್ಷೆಯ ಭಂಗಿಯಲ್ಲೇ ಮಲಗಿ ಕಾಲು ಇಳಿಬಿಟ್ಟು 30 ಸೆಕೆಂಡು ಇರಬಹುದು, ಅದೂ ಇದೇ ಕೆಲಸ ಮಾಡುತ್ತದೆ.

ಹೆಜ್ಜೆ 3: ಕಾಲ ಮೇಲೆ ಕಾಲು, ಪೃಷ್ಠದ ಆಳಕ್ಕೆ

ಮತ್ತೆ ಬೆನ್ನ ಮೇಲೆ ಮಲಗಿ. ಬಲ ಪಾದದ ಗಂಟನ್ನು ಎಡ ತೊಡೆಯ ಮೇಲೆ, ಮಂಡಿಗಿಂತ ಸ್ವಲ್ಪ ಈಚೆಗೆ ಇಡಿ. ಗಂಟು ತೊಡೆಯನ್ನು ದಾಟಿ ಆಚೆ ಇರಬೇಕು. ಬಲ ಪಾದವನ್ನು ಮುಖದ ಕಡೆಗೆ ಮಡಚಿ ಬಿಗಿಯಾಗಿ ಇಟ್ಟುಕೊಳ್ಳಿ. ಎಡ ತೊಡೆಯ ಹಿಂದೆ ಎರಡೂ ಕೈ ಹೆಣೆದು ತೊಡೆಯನ್ನು ಎದೆಯ ಕಡೆಗೆ ತನ್ನಿ. ಎಳೆತ ಬಲ ಪೃಷ್ಠದ ಆಳದಲ್ಲಿ ಬರಬೇಕು. 30 ಸೆಕೆಂಡು, ಎರಡು ಸಲ, ಆಮೇಲೆ ಇನ್ನೊಂದು ಬದಿ.

ಕೈ ತೊಡೆಗೆ ಎಟುಕದವರು ತಲೆ, ಭುಜ ಎತ್ತಿ ಸಾಹಸ ಮಾಡುತ್ತಾರೆ, ಆಗ ಕುತ್ತಿಗೆ ಹಿಡಿಯುತ್ತದೆ. ತಲೆಗೆ ದಿಂಬು ಕೊಟ್ಟು, ತೊಡೆಯ ಹಿಂದೆ ಟವೆಲ್ ಹಾಕಿ ಅದರ ಎರಡು ತುದಿ ಹಿಡಿದುಕೊಳ್ಳಿ. ಬಾಲದ ಮೂಳೆ ನೆಲ ಬಿಟ್ಟು ಏಳುವಷ್ಟು ಎಳೆಯಬೇಡಿ, ಎದ್ದರೆ ಮತ್ತೆ ಕೆಳಬೆನ್ನು ಬಾಗಿತು. ಮಂಡಿಯ ಹೊರಬದಿಯಲ್ಲಿ ನೋವು ಬಂದರೆ ಪಾದ ಸಡಿಲವಾಗಿ ಮಂಡಿ ತಿರುಚಿಕೊಂಡಿದೆ. ಪಾದ ಮಡಚಿ ಹಿಡಿದರೆ ಸಾಮಾನ್ಯವಾಗಿ ಹೋಗುತ್ತದೆ. ಎಳೆತ ಪೃಷ್ಠದಲ್ಲಿ ಬರದೆ ತೊಡೆಸಂದಿನ ಮುಂದೆ ಚಿಮುಟಿದಂತೆ ಆಗುತ್ತಿದ್ದರೆ ಬಲವಂತ ಬೇಡ. ಅದು ಸ್ನಾಯುವಿನ ಬಿಗಿಯಲ್ಲ, ಕೀಲಿನೊಳಗೆ ಮೂಳೆಗೆ ಮೂಳೆ ಅಡ್ಡ ಬರುತ್ತಿರಬಹುದು. ತೊಡೆಯನ್ನು ದೂರ ಬಿಟ್ಟು ನೋಡಿ, ಆಗಲೂ ಚಿಮುಟಿದರೆ ಈ ಹೆಜ್ಜೆಯನ್ನು ಕೈಬಿಡಿ.

ಹೆಜ್ಜೆ 4: ಟವೆಲ್ ಹಿಡಿದು ತೊಡೆಯ ಹಿಂಭಾಗ

ಮಲಗಿದಲ್ಲೇ ಟವೆಲನ್ನು ಬಲ ಪಾದಕ್ಕೆ ಸುತ್ತಿ ಕಾಲನ್ನು ಮೇಲಕ್ಕೆತ್ತಿ. ಎಡ ಮಂಡಿ ಮಡಚಿಯೇ ಇರಲಿ. ಬಲ ಮಂಡಿಯೂ ಸ್ವಲ್ಪ ಮಡಚಿದ್ದರೆ ಪರವಾಗಿಲ್ಲ. ತೊಡೆಯ ಹಿಂಭಾಗದ ನಡುವಿನಲ್ಲಿ ಎಳೆತ ತಿಳಿದಲ್ಲಿ ನಿಲ್ಲಿಸಿ, 30 ಸೆಕೆಂಡಿನಂತೆ ಎರಡು ಸಲ. ನಿಂತು ಬಗ್ಗಿ ಮಾಡುವುದಕ್ಕಿಂತ ಇದು ಮೇಲು, ಯಾಕೆಂದರೆ ನೆಲವೇ ಬೆನ್ನನ್ನು ನೆಟ್ಟಗೆ ಹಿಡಿದಿರುತ್ತದೆ.

ಇಲ್ಲಿ ಒಂದನ್ನು ಗಮನಿಸಬೇಕು. ಎಳೆತ ಮಂಡಿಯ ಹಿಂದೆ ಅಥವಾ ಮೀನಖಂಡದಲ್ಲಿ ತಂತಿ ಎಳೆದಂತೆ ಬಂದು, ಪಾದ ಜುಮ್ಮೆಂದರೆ, ಮತ್ತು ಪಾದವನ್ನು ಮುಖದ ಕಡೆ ಮಡಚಿದಾಗ ಅದು ಹೆಚ್ಚಾದರೆ ನೀವು ಎಳೆಯುತ್ತಿರುವುದು ಸ್ನಾಯುವನ್ನಲ್ಲ, ನರವನ್ನು. ನರಕ್ಕೆ ಹಿಡಿದಿಟ್ಟ ಎಳೆತ ಹಿಡಿಸುವುದಿಲ್ಲ, ಮರುದಿನ ಕಾಲು ಜೋಮು ಹಿಡಿಯಬಹುದು. ಮಂಡಿ ಇನ್ನಷ್ಟು ಮಡಚಿ, ಪಾದ ಸಡಿಲ ಬಿಟ್ಟು, ಟವೆಲನ್ನು ಪಾದದಿಂದ ತೆಗೆದು ತೊಡೆಯ ಹಿಂದಕ್ಕೆ ಹಾಕಿಕೊಳ್ಳಿ.

ಹೆಜ್ಜೆ 5: ಮೊಣಕೈ ಊರಿ ಬೋರಲು

ಹೊಟ್ಟೆಯ ಮೇಲೆ ಮಲಗಿ, ಕೆನ್ನೆಯನ್ನು ನೆಲಕ್ಕಿಟ್ಟು ಒಂದು ನಿಮಿಷ ಏನೂ ಮಾಡಬೇಡಿ. ದಿನವೆಲ್ಲ ಗೂನಾಗಿದ್ದ ಬೆನ್ನಿಗೆ ಬರೀ ಬೋರಲು ಮಲಗುವುದೇ ಎದುರು ದಿಕ್ಕು. ಆಮೇಲೆ ಮೊಣಕೈಗಳನ್ನು ಭುಜದ ನೇರ ಕೆಳಗೆ ಊರಿ ಎದೆ ಎತ್ತಿ. ಸೊಂಟ, ತೊಡೆ, ಪೃಷ್ಠ ನೆಲದ ಮೇಲೆ ಪೂರ್ತಿ ಸಡಿಲ ಬಿದ್ದಿರಲಿ. ಭುಜಂಗಾಸನದಲ್ಲಿ ಬೆನ್ನಿನ ಸ್ನಾಯುಗಳೇ ಎತ್ತುತ್ತವೆ, ಇಲ್ಲಿ ಮೊಣಕೈ ಭಾರ ಹೊತ್ತಿರುತ್ತದೆ, ಬೆನ್ನು ಜೋಲಿ ಬಿದ್ದಂತಿರಬೇಕು. ಒಂದು ನಿಮಿಷ ಹೀಗಿದ್ದು ಇಳಿಯಿರಿ.

ಬೆನ್ನಿನ ನಡುವೆ ಸ್ವಲ್ಪ ಒತ್ತಿದಂತಾಗಿ ಆಮೇಲೆ ಹಗುರಾದರೆ ಸರಿ. ನೋವು ಪೃಷ್ಠಕ್ಕೋ ತೊಡೆಗೋ ಇಳಿಯಲು ಶುರುವಾದರೆ ತಕ್ಷಣ ಬಿಡಿ. ಬೆನ್ನುಮೂಳೆ ಮುಂದಕ್ಕೆ ಜಾರಿದೆ ಎಂದು ಅಥವಾ ನರದ ದಾರಿ ಕಿರಿದಾಗಿದೆ ಎಂದು ವೈದ್ಯರು ಹೇಳಿರುವವರಿಗೆ ಹಿಂದಕ್ಕೆ ಬಾಗುವುದು ಹಿಡಿಸುವುದಿಲ್ಲ. ನಡೆದರೆ ಕಾಲು ಸೋತು, ಮುಂದಕ್ಕೆ ಬಗ್ಗಿ ಕೂತರೆ ಹಾಯೆನಿಸುವ ಹಿರಿಯರೂ ಈ ಗುಂಪಿಗೇ ಸೇರಿರಬಹುದು. ಅವರು ಇದರ ಬದಲು ಬೆನ್ನ ಮೇಲೆ ಮಲಗಿ ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟು ಎರಡು ನಿಮಿಷ ವಿರಮಿಸಲಿ.

ಏಳುವಾಗ ನೇರವಾಗಿ ಮೇಲೇಳದೆ ಮಗ್ಗುಲಾಗಿ, ಕೈ ಊರಿ ಏಳಿ. ಎದ್ದ ಮೇಲೆ ಒಂದು ನಿಮಿಷ ಉದ್ದ ಹೆಜ್ಜೆ ಹಾಕಿ ನಡೆಯಿರಿ, ಹಿಂಗಾಲಿನ ಹೆಬ್ಬೆರಳು ನೆಲವನ್ನು ಹಿಂದಕ್ಕೆ ತಳ್ಳಲಿ. ಹೊಸದಾಗಿ ಸಿಕ್ಕ ಚಲನೆಯನ್ನು ಕೀಲು ಆಗಲೇ ಬಳಸಿಕೊಂಡಂತಾಗುತ್ತದೆ. ಇದಾದ ಮೇಲೆ ನೇರ ಸೋಫಾಕ್ಕೆ ಹೋಗಿ ಬಿದ್ದರೆ ಮಾಡಿದ್ದರಲ್ಲಿ ಅರ್ಧ ನೀರಲ್ಲಿ ಹೋಮ.

ಒಂದು ಲೆಕ್ಕ

ಒಬ್ಬರು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ದಿನಕ್ಕೆ 9 ಗಂಟೆ ಕೂತು, ಮೇಲೆ ಒಂದೂವರೆ ಗಂಟೆ ಬೈಕಿನಲ್ಲಿ ಮನೆಗೆ ಬರುತ್ತಾರೆ ಎಂದಿಟ್ಟುಕೊಳ್ಳಿ. ವಯಸ್ಸು 38. ಪರೀಕ್ಷೆಯಲ್ಲಿ ಬಲ ತೊಡೆ ಮೇಜಿನಿಂದ ಮೂರು ಬೆರಳು ಮೇಲೆ ನಿಂತಿದೆ, ಎಡ ತೊಡೆ ತಾಗಿದೆ. ಎರಡೂ ಮಂಡಿ ಚೆನ್ನಾಗಿ ಮಡಚಿವೆ. ಅಂದರೆ ಬಿಗಿ ಇರುವುದು ಬಲಗಡೆಯ ಕೀಲಿನ ಮುಂಭಾಗದಲ್ಲಿ, ತೊಡೆಯ ಸ್ನಾಯುವಿನಲ್ಲಲ್ಲ. ಹೀಗಿದ್ದಾಗ ಎರಡೂ ಬದಿಗೆ ಒಂದೇ ಅಳತೆ ಹಾಕುವುದು ದಂಡ. ಎರಡನೆಯ ಹೆಜ್ಜೆಯನ್ನು ಬಲಕ್ಕೆ ಮೂರು ಸಲ, ಎಡಕ್ಕೆ ಒಂದು ಸಲ ಮಾಡಬೇಕು. ಪಾದವನ್ನು ಸೋಫಾಕ್ಕೆ ಏರಿಸುವುದು ಬೇಕಿಲ್ಲ.

ಇವರ ಸಮಯ ಹೀಗೆ ಬರುತ್ತದೆ. ಮಲಗಿ ಉಸಿರಾಟ ಮತ್ತು ಬಟ್ಟಲು ವಾಲಿಸುವುದಕ್ಕೆ 2 ನಿಮಿಷ. ಮಂಡಿಯೂರುವುದಕ್ಕೆ ನಾಲ್ಕು ಸಲಕ್ಕೆ 30 ಸೆಕೆಂಡಿನಂತೆ 2 ನಿಮಿಷ. ಕಾಲ ಮೇಲೆ ಕಾಲಿಗೆ 2, ಟವೆಲಿಗೆ 2, ಬೋರಲು ಮಲಗಲು 2, ಕೊನೆಯ ನಡಿಗೆಗೆ 1. ಒಟ್ಟು 11 ನಿಮಿಷ. ಭಂಗಿ ಬದಲಿಸಲು, ಕಂಬಳಿ ಸರಿಪಡಿಸಲು ಇನ್ನು ಮೂರು ನಾಲ್ಕು ನಿಮಿಷ ಸೇರಿಸಿದರೆ ಹದಿನೈದು. ಮೊದಲ 5 ನಿಮಿಷದ ಓಡಾಟ ಇದರಿಂದ ಹೊರಗೆ.

ಮೊದಲ ವಾರ ಇವರಿಗೆ ಮಂಡಿಯೂರಿದಾಗ ತೊಡೆಯಲ್ಲಿ ಏನೂ ತಿಳಿಯುವುದಿಲ್ಲ, ಬಲ ಕೆಳಬೆನ್ನು ಮಾತ್ರ ಒತ್ತುತ್ತದೆ ಎಂದುಕೊಳ್ಳೋಣ. ಸಹಜವಾಗಿ ಇನ್ನಷ್ಟು ಮುಂದಕ್ಕೆ ಹೋಗಬೇಕೆನಿಸುತ್ತದೆ. ಮಾಡಬೇಕಾದ್ದು ಉಲ್ಟಾ: ಸ್ವಲ್ಪ ಹಿಂದಕ್ಕೆ ಬಂದು ಪೃಷ್ಠ ಬಿಗಿ ಮಾಡಿ, ಬಟ್ಟಲನ್ನು ಹಿಂದಕ್ಕೆ ವಾಲಿಸಿ ಅಲ್ಲೇ ನಿಲ್ಲುವುದು. ದೇಹ ಹೋಗುವ ದೂರ ಕಡಿಮೆಯಾಗುತ್ತದೆ, ಎಳೆತ ಸರಿಯಾದ ಜಾಗಕ್ಕೆ ಬರುತ್ತದೆ. ನಂತರದ ವಾರಗಳ ಪರೀಕ್ಷೆಯಲ್ಲಿ ಮೂರು ಬೆರಳು ಎರಡಾದರೆ ದಾರಿ ಸರಿಯಿದೆ. ಮೊದಮೊದಲು ಬರುವ ಬದಲಾವಣೆ ಬಹುಪಾಲು ಎಳೆತವನ್ನು ತಾಳಿಕೊಳ್ಳುವ ನರಮಂಡಲದ ಒಪ್ಪಿಗೆಯಿಂದ ಬರುವಂಥದ್ದು, ಸ್ನಾಯುವೇ ಉದ್ದವಾದದ್ದರಿಂದ ಅಲ್ಲ. ಹಾಗಾಗಿ ಒಂದು ವಾರ ಬಿಟ್ಟರೆ ಹಿಂದಕ್ಕೆ ಹೋಗುವುದೂ ಬೇಗ. ನಾಲ್ಕೈದು ವಾರವಾದರೂ ಬೆರಳಿನ ಲೆಕ್ಕ ಅಲುಗದಿದ್ದರೆ, ಅಥವಾ ಲೆಕ್ಕ ಇಳಿದರೂ ಬೆನ್ನು ನೋವು ಹಾಗೇ ಇದ್ದರೆ, ನೋವಿನ ಮೂಲ ಬೇರೆಡೆ ಇರಬಹುದು. ಫಿಸಿಯೋಥೆರಪಿಸ್ಟ್ ಕೈಯಲ್ಲಿ ನೋಡಿಸುವ ಹೊತ್ತು ಅದು.

ಬೆಳಿಗ್ಗೆ ಎದ್ದ ಕೂಡಲೇ ಇದನ್ನು ಮಾಡಬಹುದೇ ಎಂದರೆ, ಬೇಡ. ರಾತ್ರಿ ಮಲಗಿದಾಗ ಬೆನ್ನಿನ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ, ಎದ್ದ ಮೊದಲ ಗಂಟೆಯಲ್ಲಿ ಬಾಗಿದರೆ ಅವುಗಳ ಮೇಲೆ ಒತ್ತಡ ಹೆಚ್ಚು. ತೀರಾ ತಡವಾಗಿ ಮನೆಗೆ ಬಂದು ಐದೇ ನಿಮಿಷ ಇರುವ ದಿನ ಮೂರು, ನಾಲ್ಕನೆಯ ಹೆಜ್ಜೆ ಬಿಡಿ. ಬಿಗಿ ಇರುವ ಬದಿಗೆ ಮಂಡಿಯೂರುವುದು ಎರಡು ಸಲ, ಇನ್ನೊಂದಕ್ಕೆ ಒಂದು ಸಲ, ಆಮೇಲೆ ಬೋರಲು ಎರಡು ನಿಮಿಷ. ಅದಕ್ಕೂ ಮನಸ್ಸಿಲ್ಲದಿದ್ದರೆ ಫೋನ್ ನೋಡುವುದನ್ನಾದರೂ ಸೋಫಾದಲ್ಲಿ ಕೂತು ನೋಡದೆ ಜಮಖಾನದ ಮೇಲೆ ಬೋರಲು ಮಲಗಿ ನೋಡಿ. ಆ ಹೊತ್ತಿನಲ್ಲಿ ಸೊಂಟದ ಕೀಲು ಮಡಚದೆ ನೆಟ್ಟಗಿರುತ್ತದೆ.